ಒಂದೇ ಮೆಚ್ಚುಗೆ, ಮೂರು ರೂಪ: ಇಮೇಲ್, ಮುದ್ರಿತ ಕಾರ್ಡ್ ಮತ್ತು ವಾಟ್ಸಾಪ್ ಗುಂಪಿನ ಸಂದೇಶ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಚೇರಿ, ಶಾಲೆ, ಸಂಘಗಳಲ್ಲಿ ಮೆಚ್ಚುಗೆಯ ಪತ್ರ ಬರೆಯುವ ಜವಾಬ್ದಾರಿ ಸಾಮಾನ್ಯವಾಗಿ ಒಬ್ಬರ ಹೆಗಲಿಗೇ ಬೀಳುತ್ತದೆ. ಅವರು ಒಂದು ಪಠ್ಯ ಸಿದ್ಧಮಾಡಿ ಅದನ್ನೇ ಇಮೇಲಿಗೂ ಕಾರ್ಡಿಗೂ ಗುಂಪಿಗೂ ಅಂಟಿಸಿಬಿಡುತ್ತಾರೆ. ಹಾಗೆ ಮಾಡಿದಾಗ ಏನು ಕೆಡುತ್ತದೆ, ಅದನ್ನು ಹೇಗೆ ಸರಿಪಡಿಸಬಹುದು ಎಂಬುದನ್ನು ಒಂದೇ ಉದಾಹರಣೆಯ ಸುತ್ತ ಇಲ್ಲಿ ವಿವರಿಸಲಾಗಿದೆ. ಉದಾಹರಣೆ ಹೀಗಿದೆ: ಗದಗಿನ ಒಂದು ಪದವಿ ಕಾಲೇಜಿನ ಗ್ರಂಥಾಲಯಕ್ಕೆ ರಾತ್ರಿಯ ಮಳೆಯಲ್ಲಿ ಕಿಟಕಿಯಿಂದ ನೀರು ನುಗ್ಗಿ 140 ಪುಸ್ತಕಗಳು ತೋಯ್ದವು. ಎಲ್ಲರೂ ‘ಅಕ್ಕಾವರು’ ಎಂದು ಕರೆಯುವ ಗ್ರಂಥಾಲಯ ಸಹಾಯಕಿ ನಾಲ್ಕು ದಿನ ಅವುಗಳನ್ನು ಒಣಗಿಸಿ, 131 ಪುಸ್ತಕಗಳನ್ನು ಉಳಿಸಿದರು. ಅವರಿಗೆ ಸಿಬ್ಬಂದಿ ಸಂಘದ ಪರವಾಗಿ ಕೃತಜ್ಞತೆ ಹೇಳಬೇಕಾಗಿದೆ.

ಪ್ರಶ್ನೆ: ಒಂದೇ ಪಠ್ಯವನ್ನು ಮೂರು ಕಡೆಗೂ ಕಳುಹಿಸಿದರೆ ತಪ್ಪೇನು?

ಓದುವವರು ಬೇರೆ, ಓದುವ ಗಳಿಗೆಯೂ ಬೇರೆ. ಇಮೇಲನ್ನು ಅಕ್ಕಾವರು ಒಬ್ಬರೇ ಕುಳಿತು ಓದುತ್ತಾರೆ. ಅದರ ಪ್ರತಿ ಪ್ರಾಂಶುಪಾಲರಿಗೂ ಹೋಗಿ ಕಡತದಲ್ಲಿ ಉಳಿಯಬಹುದು. ಎರಡು ವರ್ಷದ ನಂತರ ಅದನ್ನು ತೆರೆದವರಿಗೂ ಏನಾಯಿತೆಂದು ಪೂರ್ತಿ ತಿಳಿಯಬೇಕು, ಆದ್ದರಿಂದ ಅದಕ್ಕೆ ದಿನಾಂಕ, ಸಂಖ್ಯೆ, ಸಂದರ್ಭ ಎಲ್ಲವೂ ಬೇಕು. ಕಾರ್ಡು ಅವರ ಮನೆಯ ಶೋಕೇಸಿನಲ್ಲಿ ನಿಲ್ಲುತ್ತದೆ. ಸಂದರ್ಭ ಅವರಿಗೆ ಗೊತ್ತೇ ಇರುವುದರಿಂದ ಅದನ್ನು ಮತ್ತೆ ವಿವರಿಸುವುದು ವ್ಯರ್ಥ. ಗುಂಪಿನಲ್ಲಿ ಓದುವವರಲ್ಲಿ ಹೆಚ್ಚಿನವರು ಅಕ್ಕಾವರಲ್ಲ, ಉಳಿದ ಅರವತ್ತು ಮಂದಿ. ಅವರಿಗೆ ಮೊದಲ ಸಾಲಿನಲ್ಲೇ ಸುದ್ದಿ ಸಿಗದಿದ್ದರೆ ಬೆರಳು ಮುಂದಕ್ಕೆ ಜಾರುತ್ತದೆ.

ಉದ್ದದ ವ್ಯತ್ಯಾಸ ಇದರಿಂದಲೇ ಹುಟ್ಟುತ್ತದೆ. ಇಮೇಲನ್ನು ಅರ್ಧಕ್ಕೆ ಕತ್ತರಿಸಿದರೆ ಕಾರ್ಡು ಆಗುವುದಿಲ್ಲ, ಕಾರ್ಡನ್ನು ಹಿಗ್ಗಿಸಿದರೆ ಇಮೇಲ್ ಆಗುವುದಿಲ್ಲ.

ಪ್ರಶ್ನೆ: ಹಾಗಾದರೆ ಬರೆಯಲು ಎಲ್ಲಿಂದ ಆರಂಭಿಸಬೇಕು?

ಮೂರರಲ್ಲೂ ಉಳಿಯಬೇಕಾದ ಒಂದು ವಾಕ್ಯವನ್ನು ಮೊದಲು ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು ‘ತೋಯ್ದ ಪುಸ್ತಕಗಳ ಹಾಳೆಗಳ ನಡುವೆ ಸುದ್ದಿಪತ್ರಿಕೆ ಇಟ್ಟು ನಾಲ್ಕು ದಿನ ಒಣಗಿಸಿದರು’ ಎಂಬುದು. ‘ಪ್ರಾಮಾಣಿಕ ಸೇವೆ’, ‘ಅಪಾರ ಶ್ರಮ’ ಮುಂತಾದ ಮಾತುಗಳು ಯಾರಿಗೆ ಬೇಕಾದರೂ ಹೊಂದುತ್ತವೆ. ಸುದ್ದಿಪತ್ರಿಕೆಯ ಮಾತು ಅಕ್ಕಾವರೊಬ್ಬರಿಗೇ ಹೊಂದುತ್ತದೆ. ಜಾಗ ಕಡಿಮೆಯಾದಾಗ ವಿಶೇಷಣಗಳನ್ನು ಉಳಿಸಿ ಈ ವಿವರವನ್ನು ಬಿಟ್ಟುಬಿಡುವುದು ನಾನು ಹೆಚ್ಚಾಗಿ ಕಂಡಿರುವ ತಪ್ಪು. ಬಿಡಬೇಕಾದದ್ದು ವಿಶೇಷಣಗಳನ್ನೇ.

ಪ್ರಶ್ನೆ: ಇಮೇಲ್ ಎಷ್ಟು ಉದ್ದವಿರಬೇಕು, ಅದರ ಜೋಡಣೆ ಹೇಗಿರಬೇಕು?

ಮೂರು ಅಥವಾ ನಾಲ್ಕು ಚಿಕ್ಕ ಪ್ಯಾರಾಗಳು, ಒಟ್ಟಾರೆ ಅರವತ್ತರಿಂದ ನೂರು ಪದಗಳು ಸಾಕು. ಇಂಗ್ಲಿಷ್ ಮಾದರಿಗಳಲ್ಲಿ ಹೇಳುವ ಪದಸಂಖ್ಯೆಯನ್ನು ನೇರವಾಗಿ ಕನ್ನಡಕ್ಕೆ ಅನ್ವಯಿಸಲು ಬರುವುದಿಲ್ಲ, ಏಕೆಂದರೆ ‘ಒಣಗಿಸಿಕೊಟ್ಟಿದ್ದೀರಿ’ ಎಂಬ ಒಂದೇ ಪದದಲ್ಲಿ ಅಲ್ಲಿನ ನಾಲ್ಕೈದು ಪದಗಳು ಅಡಗಿರುತ್ತವೆ. ಮಾದರಿ ಹೀಗಿರಬಹುದು:

ವಿಷಯ: ತೋಯ್ದ ಪುಸ್ತಕಗಳನ್ನು ಉಳಿಸಿದ್ದಕ್ಕೆ ಕೃತಜ್ಞತೆ

ಗೌರವಾನ್ವಿತ ಅಕ್ಕಾವರಿಗೆ ನಮಸ್ಕಾರಗಳು.

ಕಳೆದ ಸೋಮವಾರ ರಾತ್ರಿಯ ಮಳೆಗೆ ಗ್ರಂಥಾಲಯದ ಉತ್ತರದ ಕಿಟಕಿಯಿಂದ ನೀರು ಬಂದು, ಕಪಾಟಿನ ಕೆಳಗಿನ ಎರಡು ಸಾಲುಗಳಲ್ಲಿದ್ದ 140 ಪುಸ್ತಕಗಳು ತೋಯ್ದಿದ್ದವು. ಮರುದಿನ ಬೆಳಿಗ್ಗೆ ಏಳು ಗಂಟೆಗೇ ಬಂದ ನೀವು, ಯಾರ ಸೂಚನೆಗೂ ಕಾಯದೆ, ಅವುಗಳನ್ನು ವಾಚನಾಲಯದ ಬೆಂಚುಗಳ ಮೇಲೆ ಹರಡಿದಿರಿ.

ಹತ್ತಿಪ್ಪತ್ತು ಹಾಳೆಗಳಿಗೊಂದರಂತೆ ಸುದ್ದಿಪತ್ರಿಕೆಯ ತುಂಡು ಇಟ್ಟು, ಅದು ತೇವ ಹೀರಿದ ಮೇಲೆ ಬದಲಿಸುತ್ತ, ನಾಲ್ಕು ದಿನ ಫ್ಯಾನಿನ ಗಾಳಿಗೆ ಒಣಗಿಸಿದಿರಿ. ಈಗ 131 ಪುಸ್ತಕಗಳು ಮತ್ತೆ ಕಪಾಟಿನಲ್ಲಿವೆ; ಮರುಮುದ್ರಣ ಕಾಣದ ಹಳೆಯ ನಿಘಂಟುಗಳೂ ಅವುಗಳಲ್ಲಿ ಸೇರಿವೆ.

ನಿಮ್ಮ ಈ ಕೆಲಸಕ್ಕೆ ಸಿಬ್ಬಂದಿಯವರೆಲ್ಲರ ಪರವಾಗಿ ಕೃತಜ್ಞತೆಗಳು. ಈ ಪತ್ರದ ಪ್ರತಿಯನ್ನು ಪ್ರಾಂಶುಪಾಲರಿಗೂ ಕಳುಹಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಿಬ್ಬಂದಿ ಸಂಘ

ಜೋಡಣೆಯಲ್ಲಿ ಗಮನಿಸಬೇಕಾದ ಸಂಗತಿಗಳು ಎರಡೇ. ಮೊದಲನೆಯದಾಗಿ, ಪ್ಯಾರಾಗಳ ನಡುವೆ ಒಂದು ಖಾಲಿ ಸಾಲು ಬಿಡಿ. ಕಾಗದದ ಪತ್ರದಲ್ಲಿ ಬಿಡುವಂತೆ ಪ್ಯಾರಾದ ಮೊದಲ ಸಾಲನ್ನು ಒಳಕ್ಕೆ ತಳ್ಳಬೇಡಿ, ಮೊಬೈಲಿನಲ್ಲಿ ಆ ಖಾಲಿ ಜಾಗ ಒಂದೊಂದು ಕಡೆ ಒಂದೊಂದು ಬಗೆಯಾಗಿ ಕಾಣುತ್ತದೆ. ಎರಡನೆಯದಾಗಿ, ವಿಷಯದ ಸಾಲಿನಲ್ಲಿ ಕೆಲಸದ ಹೆಸರು ಮೊದಲು ಬರಲಿ. ಮೊಬೈಲಿನ ಪಟ್ಟಿಯಲ್ಲಿ ಆ ಸಾಲಿನ ಆರಂಭ ಮಾತ್ರ ಕಾಣುವುದರಿಂದ, ‘ತಮ್ಮ ಅಮೂಲ್ಯ ಸೇವೆಗಾಗಿ ಹೃತ್ಪೂರ್ವಕ…’ ಎಂದು ತೊಡಗಿದರೆ ಯಾವ ಸೇವೆ ಎಂಬುದು ಕಾಣುವ ಮೊದಲೇ ಸಾಲು ಮುಗಿದುಹೋಗುತ್ತದೆ.

ಪ್ರಶ್ನೆ: ಕಾರ್ಡಿನಲ್ಲಿ ಎಷ್ಟು ಬರೆಯಬಹುದು ಎಂದು ಮೊದಲೇ ಲೆಕ್ಕ ಹಾಕಲು ಬರುತ್ತದೆಯೇ?

ಬರುತ್ತದೆ, ಮತ್ತು ಪ್ರೆಸ್ಸಿಗೆ ಹೋಗುವ ಮೊದಲೇ ಹಾಕಿಕೊಂಡರೆ ಅಲ್ಲಿ ನಿಂತು ಪಠ್ಯ ಕತ್ತರಿಸುವ ಸಂಕಟ ತಪ್ಪುತ್ತದೆ. ಮುದ್ರಣ ಕಾಶಿ ಎನಿಸಿಕೊಂಡ ಗದಗಿನಲ್ಲಿ ಪ್ರೆಸ್ಸುಗಳಿಗೆ ಕೊರತೆಯಿಲ್ಲ. ಆದರೆ ಡಿಟಿಪಿ ಮಾಡುವವರು ನೀವು ಕೊಟ್ಟಷ್ಟನ್ನೂ ಕೊಟ್ಟ ಜಾಗದಲ್ಲಿ ಹಿಡಿಸಿಕೊಡುತ್ತಾರೆ, ಅಂದರೆ ಪಠ್ಯ ಹೆಚ್ಚಾದರೆ ಅಕ್ಷರವನ್ನು ಸಣ್ಣದು ಮಾಡುತ್ತಾರೆ.

ಎ5 ಹಾಳೆಯನ್ನು ಮಧ್ಯಕ್ಕೆ ಮಡಿಸಿದ ಕಾರ್ಡನ್ನು ತೆಗೆದುಕೊಳ್ಳೋಣ. ಮಡಿಸಿದ ಮೇಲೆ ಒಂದು ಮುಖ ಎ6 ಅಳತೆಗೆ, ಎಂದರೆ 105 ಮಿಲಿಮೀಟರ್ ಅಗಲ, 148 ಮಿಲಿಮೀಟರ್ ಎತ್ತರಕ್ಕೆ ಬರುತ್ತದೆ. ಎಡಬಲಗಳಲ್ಲಿ 12 ಮಿಲಿಮೀಟರ್, ಮೇಲೆ ಕೆಳಗೆ 15 ಮಿಲಿಮೀಟರ್ ಅಂಚು ಬಿಟ್ಟರೆ ಬರೆಯಲು ಉಳಿಯುವುದು 81 ಮಿಲಿಮೀಟರ್ ಅಗಲ, 118 ಮಿಲಿಮೀಟರ್ ಎತ್ತರ. ಹಿರಿಯರೂ ಕನ್ನಡಕ ಹುಡುಕದೆ ಓದಬೇಕಾದರೆ ಅಕ್ಷರ 14 ಪಾಯಿಂಟ್ ಇರಲಿ. ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಗಳಿಗೆ ತಾಗದಂತೆ ಸಾಲಿನಿಂದ ಸಾಲಿಗೆ 21 ಪಾಯಿಂಟ್, ಅಂದರೆ ಸುಮಾರು 7.4 ಮಿಲಿಮೀಟರ್ ಬಿಡಬೇಕು. ಇಷ್ಟಾದರೆ ಒಟ್ಟು ಹದಿನೈದು ಸಾಲು ಸಿಗುತ್ತವೆ. ಸಂಬೋಧನೆ, ಸಹಿಯ ಸಾಲುಗಳು, ಅವುಗಳ ಹತ್ತಿರದ ಖಾಲಿ ಜಾಗ ಇವುಗಳಿಗೆ ಆರು ಸಾಲು ಕಳೆದರೆ ಮಾತಿಗೆ ಉಳಿಯುವುದು ಎಂಟೊಂಬತ್ತು ಸಾಲು. ಆ ಅಗಲದಲ್ಲಿ ಒಂದು ಸಾಲಿಗೆ ಸುಮಾರು ಮೂರು ಪದ ಹಿಡಿಯುವುದರಿಂದ, ಕಾರ್ಡಿನ ಮಾತು ಇಪ್ಪತ್ತೈದು ಪದಗಳ ಆಸುಪಾಸಿನಲ್ಲೇ ಮುಗಿಯಬೇಕು. ಅಕ್ಷರಶೈಲಿಯಿಂದ ಅಕ್ಷರಶೈಲಿಗೆ ಅಗಲ ಬದಲಾಗುತ್ತದೆ. ಆದ್ದರಿಂದ ಸಾಮಾನ್ಯ ಹಾಳೆಯ ಮೇಲೆ ಒಂದು ಪ್ರತಿ ತೆಗೆದು, ಮಡಿಸಿ, ಕೈ ಚಾಚಿ ಹಿಡಿದು ಓದಿ ನೋಡಿ.

ನಮ್ಮ ಉದಾಹರಣೆ ಈ ಅಳತೆಯಲ್ಲಿ ಹೀಗೆ ಬರುತ್ತದೆ:

ಅಕ್ಕಾವರಿಗೆ,

ನೀವು ಹಾಳೆಗಳ ನಡುವೆ
ಸುದ್ದಿಪತ್ರಿಕೆ ಇಟ್ಟು
ನಾಲ್ಕು ದಿನ ಒಣಗಿಸಿದ
ಪುಸ್ತಕಗಳನ್ನು ಇಂದು
ಮತ್ತೆ ಓದುತ್ತಿದ್ದೇವೆ.
ಆ ಹಳೆಯ ನಿಘಂಟುಗಳನ್ನು
ತೆರೆದಾಗಲೆಲ್ಲ
ನಿಮ್ಮ ನೆನಪಾಗುತ್ತದೆ.

ಕೃತಜ್ಞತೆಗಳೊಂದಿಗೆ,
ಗ್ರಂಥಾಲಯದ ಓದುಗರು
ಮತ್ತು ಸಿಬ್ಬಂದಿ

ಇಲ್ಲಿ 140, 131 ಎಂಬ ಸಂಖ್ಯೆಗಳಿಲ್ಲ, ಕಿಟಕಿಯ ದಿಕ್ಕಿಲ್ಲ, ಪ್ರಾಂಶುಪಾಲರ ಹೆಸರೆತ್ತಿಲ್ಲ. ಒಂಬತ್ತು ಪುಸ್ತಕಗಳು ಉಳಿಯಲಿಲ್ಲ ಎಂಬ ಲೆಕ್ಕ ಕಡತಕ್ಕೆ ಬೇಕಾದದ್ದು, ಶೋಕೇಸಿಗೆ ಅಲ್ಲ.

ಪ್ರಶ್ನೆ: ಕಾರ್ಡಿನಲ್ಲಿ ಸಾಲುಗಳನ್ನು ಎಲ್ಲಿ ಮುರಿಯಬೇಕು? ಮಧ್ಯಕ್ಕೆ ಹೊಂದಿಸಬೇಕೇ?

ಮಾತಿನ ಉಸಿರು ನಿಲ್ಲುವಲ್ಲಿ ಸಾಲು ಮುರಿಯಬೇಕು. ‘ಹಳೆಯ’ ಒಂದು ಸಾಲಿನ ತುದಿಯಲ್ಲಿ, ‘ನಿಘಂಟುಗಳನ್ನು’ ಮುಂದಿನ ಸಾಲಿನ ಆರಂಭದಲ್ಲಿ ಬಿದ್ದರೆ ಓದು ತಡವರಿಸುತ್ತದೆ. ಎಂಟು ಸಾಲಿನೊಳಗಿನ ಮಾತನ್ನು ಮಧ್ಯಕ್ಕೆ ಹೊಂದಿಸಿದರೆ ಚೆಂದ ಕಾಣುತ್ತದೆ. ಅದಕ್ಕಿಂತ ಹೆಚ್ಚಾದರೆ ಎಡಕ್ಕೆ ಹೊಂದಿಸುವುದೇ ಮೇಲು. ಎರಡೂ ಅಂಚುಗಳನ್ನು ಸಮಮಾಡುವ ಜೋಡಣೆಯನ್ನು ಮಾತ್ರ ಕಾರ್ಡಿನಲ್ಲಿ ಬೇಡವೆಂದು ಹೇಳಿಬಿಡಿ. ಕನ್ನಡದ ಪದಗಳು ಉದ್ದ, ಸಾಲು ಗಿಡ್ಡ. ಆಗ ಒಂದು ಸಾಲಿನಲ್ಲಿ ಎರಡೇ ಪದ ಉಳಿದು ನಡುವೆ ಹೊಲದ ಬದುವಿನಷ್ಟು ಜಾಗ ಬೀಳುತ್ತದೆ.

ಪ್ರಶ್ನೆ: ಕಾರ್ಡಿನ ಕಾಗದಕ್ಕೂ ಮಾತಿನ ಉದ್ದಕ್ಕೂ ಸಂಬಂಧವಿದೆಯೇ?

ಸಹಿಗಳ ಕಾರಣದಿಂದ ಇದೆ. ಹತ್ತು ಮಂದಿ ಸಹಿ ಹಾಕುವುದಾದರೆ ಮುದ್ರಿತ ಮಾತನ್ನು ಬಲಗಡೆಯ ಒಳಮುಖಕ್ಕೆ ಸೀಮಿತಗೊಳಿಸಿ, ಎಡಗಡೆಯದನ್ನು ಪೂರ್ತಿ ಖಾಲಿ ಬಿಡಿ. 300 ಜಿಎಸ್‌ಎಂ ಆರ್ಟ್ ಕಾರ್ಡಿನ ನುಣುಪಾದ ಮೈಮೇಲೆ ಜೆಲ್ ಪೆನ್ನಿನ ಶಾಯಿ ಬೇಗ ಒಣಗದೆ ಮುಂದಿನವರ ಅಂಗೈಗೆ ಹತ್ತುತ್ತದೆ. ಒಳಮುಖ ಹೊಳಪಿಲ್ಲದ್ದಿರಲಿ ಎಂದು ಪ್ರೆಸ್ಸಿನವರಿಗೆ ಮೊದಲೇ ತಿಳಿಸಿ. ಇಷ್ಟು ದಪ್ಪದ ಕಾರ್ಡನ್ನು ಮಡಿಸುವ ಮುನ್ನ ಮಡಿಕೆಯ ಜಾಗದಲ್ಲಿ ಗೆರೆ ಒತ್ತಿಸದಿದ್ದರೆ, ಅಂದರೆ ಕ್ರೀಸಿಂಗ್ ಮಾಡಿಸದಿದ್ದರೆ, ಮಡಿಕೆಯ ಉದ್ದಕ್ಕೂ ಬಣ್ಣ ಬಿರಿಯುತ್ತದೆ. ಶಾಲು, ಫಲತಾಂಬೂಲ, ಧಾರವಾಡ ಪೇಢೆಯ ಡಬ್ಬಿಯ ಜೊತೆ ಕೊಡುವ ಕಾರ್ಡು ಶಾಲಿನೊಳಗೆ ಸೇರಿ ಮತ್ತೊಮ್ಮೆ ಮಡಚಿಹೋಗುವುದನ್ನು ನೋಡಿದ್ದೇನೆ, ಆದ್ದರಿಂದ ಲಕೋಟೆಯನ್ನೂ ಮಾಡಿಸಿ.

ಪ್ರಶ್ನೆ: ಗುಂಪಿನ ಸಂದೇಶ ಎಷ್ಟು ಚಿಕ್ಕದಿರಬೇಕು?

ಮೊಬೈಲನ್ನು ಮೇಲೆ ಕೆಳಗೆ ಸರಿಸದೆ ಒಂದೇ ನೋಟಕ್ಕೆ ಓದುವಷ್ಟಿರಬೇಕು. ಸಂದೇಶ ಬಹಳ ಉದ್ದವಾದರೆ ವಾಟ್ಸಾಪ್ ಅದನ್ನು ಅರ್ಧಕ್ಕೆ ಮಡಚಿ, ಉಳಿದದ್ದನ್ನು ಒತ್ತಿ ತೆರೆಯುವಂತೆ ಮಾಡುತ್ತದೆ. ಅಲ್ಲಿ ಒತ್ತುವವರು ಕಡಿಮೆ. ಇಮೇಲಿನ ಪಠ್ಯವನ್ನೇ ಅಂಟಿಸಿದಾಗ ಕೃತಜ್ಞತೆಯ ಸಾಲು ಕೊನೆಯಲ್ಲಿರುವುದರಿಂದ ಸಂದೇಶ ಮಡಚಿದರೆ ಮರೆಯಾಗುವುದು ಅದೇ. ನೋಡುವವರಿಗೆ ಕಿಟಕಿಯಿಂದ ನೀರು ಬಂದ ಸುದ್ದಿ ಮಾತ್ರ ಕಂಡು, ‘ಕಿಟಕಿ ರಿಪೇರಿ ಯಾವಾಗ?’ ಎಂಬ ಚರ್ಚೆ ಮೊದಲಾಗುತ್ತದೆ. ನಮ್ಮ ಸಂದೇಶವನ್ನು ಹೀಗೆ ಟೈಪು ಮಾಡಬಹುದು:

```
*ತೋಯ್ದ ಪುಸ್ತಕಗಳು ಮತ್ತೆ ಕಪಾಟಿಗೆ*

ಮಳೆಯಲ್ಲಿ ತೋಯ್ದ 140 ಪುಸ್ತಕಗಳಲ್ಲಿ 131 ಪುಸ್ತಕಗಳನ್ನು ನಮ್ಮ ಗ್ರಂಥಾಲಯದ ಅಕ್ಕಾವರು ಹಾಳೆಗಳ ನಡುವೆ ಸುದ್ದಿಪತ್ರಿಕೆ ಇಟ್ಟು, ನಾಲ್ಕು ದಿನ ಒಣಗಿಸಿ ಉಳಿಸಿದ್ದಾರೆ.

ಅಕ್ಕಾವರೇ, ನಿಮಗೆ ನಾವೆಲ್ಲರೂ ಋಣಿಗಳು.
```

ಎರಡೂ ಕಡೆ ನಕ್ಷತ್ರ ಚಿಹ್ನೆ ಇಟ್ಟರೆ ವಾಟ್ಸಾಪಿನಲ್ಲಿ ಆ ಸಾಲು ದಪ್ಪಕ್ಷರದಲ್ಲಿ ಕಾಣುತ್ತದೆ. ಚಿಹ್ನೆ ಮತ್ತು ಅಕ್ಷರದ ನಡುವೆ ಜಾಗ ಬಿಟ್ಟರೆ ಅಕ್ಷರ ದಪ್ಪವಾಗದೆ ನಕ್ಷತ್ರಗಳೇ ಹಾಗೇ ಉಳಿಯುತ್ತವೆ. ಒಂದು ಸಾಲನ್ನು ಮಾತ್ರ ದಪ್ಪ ಮಾಡಿ. ಇಡೀ ಸಂದೇಶವನ್ನು ಒಂದೇ ಸಲ ಕಳುಹಿಸಿ; ಮೂರು ತುಂಡು ಮಾಡಿದರೆ ಎರಡನೆಯ ತುಂಡಿನ ಮೊದಲೇ ಯಾರಾದರೂ ‘ಶುಭೋದಯ’ದ ಚಿತ್ರ ಹಾಕಿರುತ್ತಾರೆ.

ಪ್ರಶ್ನೆ: ಗುಂಪಿನಲ್ಲಿ ‘ನೀವು’ ಎನ್ನಬೇಕೋ ‘ಅವರು’ ಎನ್ನಬೇಕೋ?

ಮೂರು ರೂಪಗಳ ನಡುವಿನ ನಿಜವಾದ ತೊಡಕು ಇದು, ಆದರೆ ಇದನ್ನು ಕೇಳುವವರು ಕಡಿಮೆ. ಇಮೇಲ್ ಮತ್ತು ಕಾರ್ಡು ಅಕ್ಕಾವರೊಡನೆ ನೇರವಾಗಿ ಮಾತನಾಡುತ್ತವೆ, ಆದ್ದರಿಂದ ‘ಒಣಗಿಸಿದಿರಿ’. ಗುಂಪಿನಲ್ಲಿ ಸುದ್ದಿ ತಲುಪಬೇಕಾದದ್ದು ಉಳಿದವರಿಗೆ, ಆದ್ದರಿಂದ ‘ಒಣಗಿಸಿ ಉಳಿಸಿದ್ದಾರೆ’. ಕನ್ನಡದಲ್ಲಿ ಕ್ರಿಯಾಪದದ ಕೊನೆಯಲ್ಲೇ ಪುರುಷ ಗೊತ್ತಾಗುವುದರಿಂದ, ಇಮೇಲಿನಿಂದ ಅಂಟಿಸಿ ಹೆಸರಷ್ಟನ್ನೇ ಬದಲಿಸಿದವರ ಸಂದೇಶದಲ್ಲಿ ‘ಅಕ್ಕಾವರು ಬೆಳಿಗ್ಗೆ ಏಳಕ್ಕೇ ಬಂದು ಪುಸ್ತಕಗಳನ್ನು ಹರಡಿದಿರಿ’ ಎಂಬಂಥ ವಾಕ್ಯ ಉಳಿದುಬಿಡುತ್ತದೆ. ಕಳುಹಿಸುವ ಮುನ್ನ ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಓದುತ್ತ ಹೋದರೆ ಈ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ.

ಪೂರ್ತಿ ‘ಅವರು’ ಎಂದೇ ಮುಗಿಸಿದರೆ, ಅದೇ ಗುಂಪಿನಲ್ಲಿರುವ ವ್ಯಕ್ತಿಯನ್ನು ಎದುರಿಗಿಟ್ಟುಕೊಂಡು ಬೇರೆಯವರೊಡನೆ ಮಾತನಾಡಿದಂತಾಗುತ್ತದೆ. ಅದಕ್ಕಾಗಿಯೇ ಮಾದರಿಯ ಕೊನೆಯ ಸಾಲು ಅವರ ಕಡೆಗೆ ತಿರುಗಿದೆ. ಆ ತಿರುವನ್ನು ಹೊಸ ಪ್ಯಾರಾದಲ್ಲಿಡಿ, ಒಂದೇ ಪ್ಯಾರಾದೊಳಗೆ ಎರಡೂ ಬಂದರೆ ಗೊಂದಲವಾಗುತ್ತದೆ.

ಪ್ರಶ್ನೆ: ಕಾರ್ಡಿನ ವಿನ್ಯಾಸದ ಚಿತ್ರವನ್ನೇ ಇಮೇಲಿಗೂ ಗುಂಪಿಗೂ ಹಾಕಿದರೆ ಸಾಲದೇ?

ಅಲಂಕಾರಕ್ಕಾಗಿ ಸೇರಿಸಬಹುದು, ಅದನ್ನೇ ಪತ್ರವೆಂದು ಕಳುಹಿಸುವುದು ಸರಿಯಲ್ಲ. ಚಿತ್ರದೊಳಗಿನ ಪದಗಳು ಹುಡುಕಿದಾಗ ಇಮೇಲಿನಲ್ಲಿ ಸಿಗುವ ಭರವಸೆಯಿಲ್ಲ, ಮುಂದೆ ಪ್ರಮಾಣಪತ್ರಕ್ಕೆ ಎರಡು ಸಾಲು ನಕಲು ಮಾಡಿಕೊಳ್ಳಲೂ ಬರುವುದಿಲ್ಲ. ಎ6 ಅಳತೆಗೆ ಹದವಾಗಿದ್ದ ಅಕ್ಷರ ಮೊಬೈಲಿನ ಪರದೆಯ ಮೇಲೆ ಕುಗ್ಗುತ್ತದೆ ಕೂಡ.

ಪ್ರಶ್ನೆ: ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವಾಗ ಅಕ್ಷರಗಳು ಏಕೆ ಕೆಡುತ್ತವೆ?

ಕೆಡುವ ಬಗೆಗಳಲ್ಲಿ ಮೂರು ಹೆಚ್ಚು ಕಾಡುತ್ತವೆ. ಮೊದಲನೆಯದು ಹಳೆಯ ಬಗೆಯ ಅಕ್ಷರಶೈಲಿಗಳದ್ದು. ನುಡಿಯಂಥ ತಂತ್ರಾಂಶದಲ್ಲಿ ಯೂನಿಕೋಡ್ ಅಲ್ಲದ ಆಯ್ಕೆಯಲ್ಲಿ ಟೈಪು ಮಾಡಿದ ಪಠ್ಯ, ಆ ಅಕ್ಷರಶೈಲಿ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಇಮೇಲಿಗೆ ಅಂಟಿಸಿದರೆ ‘ಕನ್ನಡ’ ಎಂಬುದು `PÀ£ÀßqÀ` ಎಂದು ಕಾಣುತ್ತದೆ. ನಾನೇ ಒಮ್ಮೆ ನಾಲ್ಕು ಪ್ಯಾರಾಗಳ ಇಂಥ ಪತ್ರವನ್ನು ನಿವೃತ್ತರಾಗುತ್ತಿದ್ದ ಹಿರಿಯರೊಬ್ಬರಿಗೆ ಕಳುಹಿಸಿದ್ದೆ. ಅವರು ಸೌಜನ್ಯದಿಂದ ‘ಪತ್ರ ತಲುಪಿತು’ ಎಂದಷ್ಟೇ ಉತ್ತರ ಬರೆದಿದ್ದರು. ಇಮೇಲಿಗೂ ಗುಂಪಿಗೂ ಯೂನಿಕೋಡಿನಲ್ಲೇ ಟೈಪು ಮಾಡಬೇಕು.

ಎರಡನೆಯದು ಇದರ ತಿರುವುಮುರುವು. ನೀವು ಯೂನಿಕೋಡಿನಲ್ಲಿ ಕೊಟ್ಟದ್ದನ್ನು ಪ್ರೆಸ್ಸಿನಲ್ಲಿ ತಮ್ಮ ಅಕ್ಷರಶೈಲಿಗೆ ಪರಿವರ್ತಿಸುವಾಗ ಅರ್ಕಾವತ್ತು ಮತ್ತು ಒತ್ತಕ್ಷರಗಳು ಜಾಗ ತಪ್ಪಬಹುದು. ಪ್ರೂಫ್ ನೋಡುವಾಗ ‘ಕಾರ್ಯದರ್ಶಿ’, ‘ಕೃತಜ್ಞತೆ’, ‘ಗ್ರಂಥಾಲಯ’ ಎಂಬಂಥ ಪದಗಳ ಮೇಲೆ ಬೆರಳಿಟ್ಟು ಓದಿ. ತಪ್ಪಾಗುವುದಿದ್ದರೆ ಅಲ್ಲೇ ಆಗಿರುತ್ತದೆ.

ಮೂರನೆಯದು ಚಿಹ್ನೆಗಳದ್ದು ಮತ್ತು ಸಾಲು ಮುರಿತದ್ದು. ಈಗ ಪ್ರೆಸ್ಸಿಗೂ ಮ್ಯಾಟರನ್ನು ವಾಟ್ಸಾಪಿನಲ್ಲೇ ಕಳುಹಿಸುವ ರೂಢಿ ಇದೆ. ಗುಂಪಿನ ಸಂದೇಶವನ್ನೇ ನಕಲು ಮಾಡಿ ಕೊಟ್ಟರೆ ದಪ್ಪಕ್ಷರದ ನಕ್ಷತ್ರಗಳೂ ಅದರೊಡನೆ ಹೋಗುತ್ತವೆ, ಪ್ರೂಫಿನಲ್ಲಿ ಯಾರೂ ಗಮನಿಸದಿದ್ದರೆ ಕಾರ್ಡಿನ ಮೇಲೂ ಅಚ್ಚಾಗುತ್ತವೆ. ಹಾಗೆಯೇ ಕಾರ್ಡಿಗಾಗಿ ಕೈಯಿಂದ ಮುರಿದ ಸಾಲುಗಳನ್ನು ಇಮೇಲಿಗೆ ಅಂಟಿಸಿದರೆ, ಅಗಲವಾದ ಪರದೆಯ ಎಡಭಾಗದಲ್ಲಿ ಮೂರು ಮೂರು ಪದಗಳ ಏಣಿಯೊಂದು ನಿಲ್ಲುತ್ತದೆ.

ಪ್ರಶ್ನೆ: ಮೂರನ್ನೂ ಕಳುಹಿಸುವುದಾದರೆ ಯಾವುದು ಮೊದಲು?

ಇಮೇಲ್ ಮೊದಲು ಹೋಗಲಿ. ಅರವತ್ತು ಮಂದಿಗೆ ತಿಳಿದ ಮೇಲೆ ಅಕ್ಕಾವರಿಗೆ ತಿಳಿಯುವುದು ಚೆನ್ನಾಗಿರುವುದಿಲ್ಲ; ಸಂಖ್ಯೆಯಲ್ಲಿ ತಪ್ಪಿದ್ದರೆ ಅವರೇ ತಿದ್ದಿ ಹೇಳಲೂ ಅವಕಾಶ ಸಿಗುತ್ತದೆ. ಅದೇ ದಿನ ಸಂಜೆ ಗುಂಪಿಗೆ ಹಾಕಬಹುದು. ಕಾರ್ಡು ಅಚ್ಚಾಗಿ, ಸಹಿಗಳು ಸೇರಿ ಬರಲು ಹೇಗೂ ಕೆಲವು ದಿನ ಬೇಕು.

ಪ್ರಶ್ನೆ: ಕಳುಹಿಸಿದ ಮೇಲೆ ತಪ್ಪು ಕಂಡರೆ?

ಗುಂಪಿನ ಸಂದೇಶವನ್ನು ಕಳುಹಿಸಿದ 15 ನಿಮಿಷಗಳೊಳಗೆ ತಿದ್ದಬಹುದು. ತಿದ್ದಿದ ಗುರುತು ಅದರ ಪಕ್ಕದಲ್ಲಿ ಕಾಣುತ್ತದೆ, ಅದರಿಂದ ತೊಂದರೆಯೇನಿಲ್ಲ. ಜಿಮೇಲ್‌ನಲ್ಲಿ ಕಳುಹಿಸಿದ್ದನ್ನು ಹಿಂದಕ್ಕೆ ಪಡೆಯುವ ಅವಧಿಯನ್ನು ಸೆಟ್ಟಿಂಗ್ಸ್‌ನಲ್ಲಿ 30 ಸೆಕೆಂಡುಗಳವರೆಗೆ ಹೆಚ್ಚಿಸಿಕೊಳ್ಳಬಹುದು, ಅದು ಮೀರಿದ ಮೇಲೆ ಸರಿಪಡಿಸಿದ ಪತ್ರವನ್ನು ಮತ್ತೆ ಕಳುಹಿಸುವುದೊಂದೇ ದಾರಿ. ಕಾರ್ಡಿನಲ್ಲಿ ತಪ್ಪು ಕಂಡರೆ ಬಿಳಿ ಶಾಯಿ ಹಚ್ಚಿ ತಿದ್ದಲು ಹೋಗಬೇಡಿ. ಸಹಿ ಹಾಕಿಸುವ ಮುನ್ನವೇ ತಪ್ಪು ಸಿಗಲೆಂದು, ಪ್ರೆಸ್ಸಿನಿಂದ ಬಂದ ಕಾರ್ಡನ್ನು ಮೊದಲು ಪ್ರೂಫ್ ನೋಡದಿದ್ದ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ.